ಅಸಲು ಗಿಟ್ಟುವುದು ಎಷ್ಟನೇ ಜಾಡಿಗೆ? ಬ್ರೇಕ್-ಈವನ್ ಲೆಕ್ಕವನ್ನು ನಾನು ಬಿಡಿಸುವ ರೀತಿ

ಬ್ರೇಕ್-ಈವನ್ ಸೂತ್ರ ಒಂದೇ ಸಾಲಿನದು. ಆದರೂ ಕ್ವಿಜ್‌ನಲ್ಲಿ ಈ ಲೆಕ್ಕ ತಪ್ಪುವವರೇ ಹೆಚ್ಚು. ತಪ್ಪುವುದು ಭಾಗಾಕಾರದಲ್ಲಲ್ಲ, ಅದಕ್ಕೂ ಮೊದಲು ಯಾವ ಖರ್ಚು ಯಾವ ಕಡೆಗೆ ಸೇರಬೇಕು ಎಂದು ವಿಂಗಡಿಸುವಾಗ. ಹಾಗಾಗಿ ನಾನು ಪೆನ್ನು ಹಿಡಿದ ಕೂಡಲೇ ಸೂತ್ರ ಬರೆಯುವುದಿಲ್ಲ. ಹಾಳೆಯ ನಡುವೆ ಒಂದು ಗೆರೆ ಎಳೆದು, ಎಡಕ್ಕೆ ‘ತಿಂಗಳಿಗೆ’, ಬಲಕ್ಕೆ ‘ಒಂದು ಜಾಡಿಗೆ’ ಎಂದು ಬರೆಯುತ್ತೇನೆ. ಪ್ರಶ್ನೆಯಲ್ಲಿರುವ ಪ್ರತಿ ಖರ್ಚೂ ಎರಡರಲ್ಲಿ ಒಂದು ಕಡೆ ಕೂರಬೇಕು.

ನಮ್ಮ ಕೋಲಾರದ ಕಡೆಯದೇ ಒಂದು ಪ್ರಶ್ನೆ ಹಾಕಿಕೊಳ್ಳೋಣ. ಅಂಕಿಗಳು ಲೆಕ್ಕಕ್ಕಾಗಿ ಇಟ್ಟವು, ಪೇಟೆಯ ದರವಲ್ಲ.

ಶ್ರೀನಿವಾಸಪುರದ ಒಂದು ಘಟಕ ಮಾವಿನ ಉಪ್ಪಿನಕಾಯಿ ಮಾಡಿ ಜಾಡಿಗೆ 120 ರೂಪಾಯಿಯಂತೆ ಮಾರುತ್ತದೆ. ಶೆಡ್ಡಿನ ಬಾಡಿಗೆ ತಿಂಗಳಿಗೆ 12,000, ಮೇಲ್ವಿಚಾರಕರ ಸಂಬಳ ತಿಂಗಳಿಗೆ 18,000, ಯಂತ್ರದ ಸವಕಳಿ ವರ್ಷಕ್ಕೆ 48,000 ರೂಪಾಯಿ. ಒಂದು ಜಾಡಿಗೆ ಮಾವಿನಕಾಯಿ 26, ಎಣ್ಣೆ 20, ಖಾರದಪುಡಿ-ಉಪ್ಪು-ಸಾಸಿವೆ 12, ಜಾಡಿ-ಮುಚ್ಚಳ-ಲೇಬಲ್ 13, ಜಾಡಿ ಲೆಕ್ಕದ ಕೂಲಿ 4 ರೂಪಾಯಿ. ವಿದ್ಯುತ್ ಬಿಲ್ಲು 800 ಜಾಡಿ ಮಾಡಿದ ತಿಂಗಳು 10,000, 1,200 ಜಾಡಿ ಮಾಡಿದ ತಿಂಗಳು 12,000 ರೂಪಾಯಿ ಬಂದಿದೆ. ತಿಂಗಳಿಗೆ ಎಷ್ಟು ಜಾಡಿ ಮಾರಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ? ಆಯ್ಕೆಗಳು: 334, 1,000, 1,023, 2,100.

ಬಾಡಿಗೆ, ಸಂಬಳ ಎರಡಕ್ಕೂ ಯೋಚನೆ ಬೇಕಿಲ್ಲ. ಒಂದು ಜಾಡಿಯನ್ನೂ ತುಂಬದಿದ್ದರೂ ಕೊಡಲೇಬೇಕಾದ ದುಡ್ಡು, ಎಡಕ್ಕೆ ಹೋಗುತ್ತದೆ. ಸವಕಳಿಯೂ ಎಡಕ್ಕೇ. ಆದರೆ ಅದನ್ನು ವರ್ಷಕ್ಕೆ ಕೊಟ್ಟಿದ್ದಾರೆ, ಕೇಳಿರುವುದು ತಿಂಗಳಿಗೆ. 48,000ವನ್ನು 12ರಿಂದ ಭಾಗಿಸಿ 4,000 ಎಂದು ಬರೆದುಕೊಳ್ಳಬೇಕು. ಮಾವಿನಕಾಯಿಯಿಂದ ಕೂಲಿಯವರೆಗಿನ ಐದು ಬಾಬತ್ತು ಬಲಕ್ಕೆ: 26 + 20 + 12 + 13 + 4 = 75. ಇಲ್ಲಿ ಕೂಲಿಯನ್ನು ಜಾಡಿ ಲೆಕ್ಕದಲ್ಲಿ ಕೊಟ್ಟಿರುವುದರಿಂದ ಅದು ಬಲಕ್ಕೆ ಬಂತು. ಅದೇ ಕೆಲಸಗಾರರಿಗೆ ತಿಂಗಳ ಸಂಬಳ ಎಂದಿದ್ದರೆ ಎಡಕ್ಕೆ ಹೋಗುತ್ತಿತ್ತು. ಖರ್ಚಿನ ಹೆಸರು ನೋಡಿ ವಿಂಗಡಿಸಬಾರದು, ಅದನ್ನು ಕೊಡುವ ರೀತಿ ನೋಡಬೇಕು.

ಈಗ ಉಳಿದದ್ದು ವಿದ್ಯುತ್ ಬಿಲ್ಲು. ಇದು ಎರಡು ಕಡೆಗೂ ಸೇರಿದ್ದು. ಜಾಡಿ ಹೆಚ್ಚಾದಂತೆ ಬಿಲ್ಲು ಏರಿದೆ, ಆದರೆ ಜಾಡಿಯಷ್ಟೇ ವೇಗದಲ್ಲಿ ಏರಿಲ್ಲ. 800ರಿಂದ 1,200 ಅಂದರೆ ಒಂದೂವರೆ ಪಟ್ಟು, ಬಿಲ್ಲು ಮಾತ್ರ 10,000ದಿಂದ 12,000ಕ್ಕೆ ನಿಂತಿದೆ. ಒಳಗೆ ಒಂದು ಸ್ಥಿರ ಭಾಗ ಕೂತಿದೆ ಎನ್ನುವುದಕ್ಕೆ ಇದೇ ಗುರುತು. ಅದನ್ನು ಬೇರೆ ಮಾಡಲು ಎರಡು ತಿಂಗಳ ವ್ಯತ್ಯಾಸ ತೆಗೆಯುತ್ತೇನೆ. 400 ಜಾಡಿ ಹೆಚ್ಚು ಮಾಡಿದ್ದಕ್ಕೆ 2,000 ರೂಪಾಯಿ ಹೆಚ್ಚು ಬಂದಿದೆ, ಅಂದರೆ ಜಾಡಿಗೆ 5 ರೂಪಾಯಿ. 800 ಜಾಡಿಗೆ 5ರಂತೆ 4,000 ಆಯಿತು. ಬಿಲ್ಲು 10,000 ಇತ್ತು, ಹಾಗಾದರೆ ಸ್ಥಿರ ಭಾಗ 6,000. ಇನ್ನೊಂದು ತಿಂಗಳಲ್ಲಿಟ್ಟು ನೋಡಿದರೆ 1,200 × 5 = 6,000, ಅದಕ್ಕೆ 6,000 ಸೇರಿಸಿದರೆ 12,000. ತಾಳೆಯಾಯಿತು. ಈ ತಾಳೆ ನೋಡುವುದನ್ನು ನಾನು ಎಂದೂ ಬಿಡುವುದಿಲ್ಲ, ಹತ್ತು ಸೆಕೆಂಡಿನ ಕೆಲಸ.

ಎರಡೂ ಕಡೆ ಈಗ ಪೂರ್ತಿಯಾದವು. ಎಡಗಡೆಯ ಮೊತ್ತ ಸ್ಥಿರ ವೆಚ್ಚ, ಬಲಗಡೆಯದು ಚರ ವೆಚ್ಚ.

ಸ್ಥಿರ ವೆಚ್ಚ = 12,000 + 18,000 + 4,000 + 6,000 = 40,000
ಜಾಡಿಗೆ ಚರ ವೆಚ್ಚ = 75 + 5 = 80
ಜಾಡಿಗೆ ಕಾಂಟ್ರಿಬ್ಯೂಷನ್ = 120 − 80 = 40
ಬ್ರೇಕ್-ಈವನ್ = 40,000 ÷ 40 = 1,000 ಜಾಡಿ

ಕಾಂಟ್ರಿಬ್ಯೂಷನ್ ಅಂದರೆ ಲಾಭವಲ್ಲ. ಒಂದು ಜಾಡಿ ಮಾರಿದಾಗ ಅದರದೇ ಖರ್ಚು ಕಳೆದು ಕೈಯಲ್ಲಿ ಉಳಿಯುವ 40 ರೂಪಾಯಿ ಅದು. ಆ ನಲವತ್ತು ಮೊದಲು ಬಾಡಿಗೆ, ಸಂಬಳದ ಗುಂಡಿ ತುಂಬಲು ಹೋಗುತ್ತದೆ. ಸಾವಿರನೇ ಜಾಡಿಗೆ ಗುಂಡಿ ತುಂಬಿತು, ಸಾವಿರದ ಒಂದನೆಯ ಜಾಡಿಯ 40 ರೂಪಾಯಿ ಮಾತ್ರ ನಿಜವಾದ ಲಾಭ. ಪರೀಕ್ಷಿಸಿ ನೋಡಿ: ಮಾರಾಟ 1,20,000, ಚರ ವೆಚ್ಚ 80,000, ಸ್ಥಿರ ವೆಚ್ಚ 40,000. ಉಳಿದದ್ದು ಸೊನ್ನೆ.

ಉಳಿದ ಮೂರು ಆಯ್ಕೆಗಳು ಸುಮ್ಮನೆ ಬಂದವಲ್ಲ. ಒಳ್ಳೆಯ ಕ್ವಿಜ್‌ನಲ್ಲಿ ಪ್ರತಿ ತಪ್ಪು ಉತ್ತರಕ್ಕೂ ಒಂದು ಹುಟ್ಟು ಇರುತ್ತದೆ. ಸ್ಥಿರ ವೆಚ್ಚವನ್ನು ನೇರವಾಗಿ ಮಾರಾಟ ಬೆಲೆಯಿಂದ ಭಾಗಿಸಿದವರಿಗೆ 40,000 ÷ 120, ಅಂದರೆ 334 ಸಿಗುತ್ತದೆ. ಅಷ್ಟು ಮಾರಿದರೆ ಬಾಡಿಗೆ ಸಂಬಳ ಹೋಗುತ್ತದೆ ನಿಜ, ಎಣ್ಣೆಯವನಿಗೂ ಮಾವಿನಕಾಯಿಯವನಿಗೂ ಕೊಡಲು ದುಡ್ಡಿರುವುದಿಲ್ಲ. ಸವಕಳಿಯನ್ನು ತಿಂಗಳಿಗೆ ಇಳಿಸದೆ 48,000 ಹಾಗೇ ಸೇರಿಸಿದವರ ಸ್ಥಿರ ವೆಚ್ಚ 84,000, ಉತ್ತರ 2,100. ವಿದ್ಯುತ್ ಬಿಲ್ಲಿನ 12,000ವನ್ನು ಇಡಿಯಾಗಿ ಸ್ಥಿರ ಎಂದು ಹಿಡಿದವರಿಗೆ ಸ್ಥಿರ ವೆಚ್ಚ 46,000, ಕಾಂಟ್ರಿಬ್ಯೂಷನ್ 45, ಉತ್ತರ 1,023. ಇದು ಮೂರರಲ್ಲೂ ಅಪಾಯದ್ದು. ಸರಿಯುತ್ತರದ ಪಕ್ಕದಲ್ಲೇ ಇರುವುದರಿಂದ ‘ಸ್ವಲ್ಪ ದಶಾಂಶದ ವ್ಯತ್ಯಾಸ ಇರಬೇಕು’ ಎಂದು ಮನಸ್ಸು ಒಪ್ಪಿಬಿಡುತ್ತದೆ.

ಇನ್ನೊಂದು ಬಲೆಯನ್ನು ಪ್ರಶ್ನೆಯ ಮಾತು ಬದಲಿಸಿ ಹಾಕುತ್ತಾರೆ. ‘2,000 ಜಾಡಿ ತಯಾರಿಸಿದಾಗ ಜಾಡಿಗೆ ಬೀಳುವ ಸ್ಥಿರ ವೆಚ್ಚ 20 ರೂಪಾಯಿ’ ಎಂದು ಕೊಡುತ್ತಾರೆ. ‘ಜಾಡಿಗೆ’ ಎಂಬ ಪದ ಕಂಡ ಕೂಡಲೇ ಅದನ್ನು ಬಲಕ್ಕೆ, 80ರ ಜೊತೆ ಸೇರಿಸಿಬಿಡುವುದು ಸಹಜ. ಸೇರಿಸಬಾರದು. 2,000 × 20 = 40,000 ಎಂದು ಮೊದಲು ಒಟ್ಟಿಗೆ ತಿರುಗಿಸಿ ಎಡಕ್ಕೆ ಬರೆಯಬೇಕು. ಜಾಡಿ ಸಾವಿರಕ್ಕೆ ಇಳಿದರೆ ಅದೇ 20 ರೂಪಾಯಿ 40 ಆಗುತ್ತದೆ. ಬದಲಾಗದೆ ಇರುವುದು ಒಟ್ಟು ಮೊತ್ತ ಮಾತ್ರ.

ಕೆಲವೊಮ್ಮೆ ಉತ್ತರವನ್ನು ರೂಪಾಯಿಯಲ್ಲಿ ಕೇಳುತ್ತಾರೆ. ಆಗ ಸ್ಥಿರ ವೆಚ್ಚವನ್ನು ಪಿ/ವಿ ಅನುಪಾತದಿಂದ, ಅಂದರೆ ಮಾರಾಟ ಬೆಲೆಯಲ್ಲಿ ಕಾಂಟ್ರಿಬ್ಯೂಷನ್ ಎಷ್ಟು ಪಾಲು ಎಂಬುದರಿಂದ, ಭಾಗಿಸಬೇಕು. ಇಲ್ಲಿ ಅನುಪಾತ 40/120. ಅದನ್ನು ಶೇ. 33 ಎಂದು ಕತ್ತರಿಸಿದರೆ 1,21,212 ಬರುತ್ತದೆ, ಸರಿಯಾದದ್ದು 1,20,000. ಭಿನ್ನರಾಶಿಯನ್ನು ಹಾಗೇ ಇಟ್ಟು 40,000 × 120 ÷ 40 ಎಂದು ಮಾಡಿದರೆ ಈ ತೊಂದರೆಯೇ ಇಲ್ಲ. ತಿಂಗಳಿಗೆ 20,000 ಲಾಭ ಬೇಕು ಎಂದರೆ ಆ ಮೊತ್ತವನ್ನು ಸ್ಥಿರ ವೆಚ್ಚಕ್ಕೆ ಸೇರಿಸಿ 60,000 ÷ 40 = 1,500 ಜಾಡಿ.

ಪೂರ್ಣಾಂಕ ಬಾರದಿದ್ದಾಗ ಏನು ಮಾಡಬೇಕು? ಅಂಗಡಿಯವರ ಒತ್ತಾಯಕ್ಕೆ ಬೆಲೆಯನ್ನು 115ಕ್ಕೆ ಇಳಿಸಿದರು ಎಂದಿಟ್ಟುಕೊಳ್ಳಿ. ಕಾಂಟ್ರಿಬ್ಯೂಷನ್ 35, ಬ್ರೇಕ್-ಈವನ್ 40,000 ÷ 35 = 1,142.86. ಇಲ್ಲಿ ದಶಾಂಶ ಎಷ್ಟೇ ಚಿಕ್ಕದಿದ್ದರೂ ಮೇಲಕ್ಕೇ ಏರಿಸಬೇಕು. 1,142 ಜಾಡಿಗೆ ಕೂಡುವುದು 39,970, ಇನ್ನೂ 30 ರೂಪಾಯಿ ಕೊರತೆ. 1,143ಕ್ಕೆ 40,005. ಉತ್ತರ 1,142.1 ಬಂದಿದ್ದರೂ 1,143 ಎಂದೇ ಬರೆಯುತ್ತಿದ್ದೆ. ಇದರಲ್ಲಿ ಗಮನಿಸಬೇಕಾದದ್ದು ಇನ್ನೊಂದಿದೆ. ಬೆಲೆಯಲ್ಲಿ ಬಿಟ್ಟಿದ್ದು ಬರೀ 5 ರೂಪಾಯಿ, ಮಾರಬೇಕಾದ ಜಾಡಿ 143 ಹೆಚ್ಚಾಯಿತು. ಐದು ರೂಪಾಯಿ ಹೋಗಿದ್ದು 120ರಿಂದಲ್ಲ, 40ರಿಂದ. ಈ ಘಟಕದಲ್ಲಿ ತಿಂಗಳಿಗೆ 1,100 ಜಾಡಿಗಿಂತ ಹೆಚ್ಚು ತುಂಬಲು ಆಗುವುದಿಲ್ಲ ಎಂದು ಪ್ರಶ್ನೆಯಲ್ಲಿ ಇದ್ದರೆ, 115ರ ಬೆಲೆಗೆ ಬ್ರೇಕ್-ಈವನ್ ಮುಟ್ಟುವುದೇ ಇಲ್ಲ. ಇದ್ದ ಸರಕೆಲ್ಲ ಮಾರಿ ಹೋದರೂ 1,500 ರೂಪಾಯಿ ನಷ್ಟ.

ಕೋಲಾರದ ಟೊಮೆಟೊ ಬೆಳೆಗಾರರಿಗೆ ಇದೇ ಲೆಕ್ಕ ತಲೆಕೆಳಗಾಗಿ ಬೇಕಾಗುತ್ತದೆ, ಕ್ವಿಜ್‌ನಲ್ಲೂ ಆ ರೂಪದಲ್ಲಿ ಕೇಳಬಹುದು. ಎಪಿಎಂಸಿ ಹರಾಜಿನಲ್ಲಿ ಬೆಲೆ ಅವರ ಕೈಯಲ್ಲಿಲ್ಲ. ಬಾಕ್ಸುಗಳ ಅಂದಾಜು ಮಾತ್ರ ಗೊತ್ತು. ಹಾಗಾಗಿ ‘ಎಷ್ಟು ಬಾಕ್ಸ್’ ಎಂದು ಕೇಳುವುದಿಲ್ಲ, ‘ಬಾಕ್ಸಿಗೆ ಎಷ್ಟು ಬಿದ್ದರೆ ಅಸಲು’ ಎಂದು ಕೇಳುತ್ತಾರೆ. ಸಸಿ, ಗೊಬ್ಬರ, ಔಷಧಿ, ಊರುಗೋಲು, ಕಟ್ಟುವ ಕೂಲಿ ಎಲ್ಲ ಸೇರಿ 1,20,000 ಆಗಲೇ ಖರ್ಚಾಗಿದೆ, 1,500 ಬಾಕ್ಸ್ ಬರುತ್ತದೆ, ಬಿಡಿಸುವ ಕೂಲಿ, ಸಾಗಣೆ, ಕಮಿಷನ್ ಸೇರಿ ಬಾಕ್ಸಿಗೆ 60 ರೂಪಾಯಿ ಎಂದುಕೊಳ್ಳಿ. ಕಮಿಷನ್ ಮಾರಿದ ಬೆಲೆಯ ಮೇಲೆ ಶೇಕಡಾ ಲೆಕ್ಕದಲ್ಲಿದ್ದರೆ ಅದನ್ನು ಬೆಲೆಯ ಜೊತೆಗೇ ಕಳೆಯಬೇಕಾಗುತ್ತದೆ. ಇಲ್ಲಿ ಬಾಕ್ಸಿಗೆ ಇಂತಿಷ್ಟು ಎಂದೇ ಹಿಡಿದಿದ್ದೇನೆ. 1,20,000 ÷ 1,500 = 80, ಅದಕ್ಕೆ 60 ಸೇರಿಸಿದರೆ 140. ಬಾಕ್ಸಿಗೆ 140 ಬಿದ್ದರೆ ಅಸಲು.

ಹರಾಜಿನಲ್ಲಿ 90 ಕೂಗಿದರೆ? ಅಸಲು ಬರುವುದಿಲ್ಲ ಎಂದು ಬಿಡಿಸುವುದನ್ನು ನಿಲ್ಲಿಸಿದರೆ 1,20,000 ಪೂರ್ತಿ ಹೋಯಿತು. ಬಿಡಿಸಿ ಮಾರಿದರೆ ಬಾಕ್ಸಿಗೆ 30 ಉಳಿದು 45,000 ವಾಪಸ್ ಬರುತ್ತದೆ, ನಷ್ಟ 75,000ಕ್ಕೆ ಇಳಿಯುತ್ತದೆ. 50 ಕೂಗಿದರೆ ಮಾತ್ರ ಪ್ರತಿ ಬಾಕ್ಸೂ ಇನ್ನೂ 10 ರೂಪಾಯಿ ಕೈಯಿಂದ ಕೇಳುತ್ತದೆ. ಹಣ್ಣನ್ನು ಗಿಡದಲ್ಲೇ ಬಿಡುವ ಬೆಳೆಗಾರ ಹಾಕುವುದು ಈ ಎರಡನೇ ಲೆಕ್ಕವನ್ನೇ: ಅವರು ನೋಡುವುದು 140ನ್ನಲ್ಲ, 60ನ್ನು.