‘ಹೌದು’ ಎಂದು ಟಿಕ್ ಹಾಕುವ ಮುಂಚೆ ನಾನು ಏನು ನೋಡುತ್ತೇನೆ

ಕಲಬುರಗಿಯಲ್ಲಿ ನನ್ನದು ಝೆರಾಕ್ಸ್ ಅಂಗಡಿ. ಝೆರಾಕ್ಸ್‌ಗಿಂತ ಅರ್ಜಿ ತುಂಬಿಸಿಕೊಳ್ಳಲು ಬರುವವರೇ ಜಾಸ್ತಿ. ಹೆಸರು, ವಿಳಾಸ, ಖಾತೆ ನಂಬರು ತಪ್ಪಾದರೆ ಯಾರಾದರೂ ಹಿಡಿಯುತ್ತಾರೆ. ಹೌದು/ಇಲ್ಲ ಮನೆಯಲ್ಲಿ ಟಿಕ್ ತಪ್ಪಾಗಿ ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಎರಡೂ ಉತ್ತರ ಸರಿಯಾಗಿಯೇ ಕಾಣುತ್ತವೆ ಅಲ್ವಾ?

ಬೆಳೆ ಸಾಲ ಮಾಡಿದ್ದ ಒಬ್ಬ ಕಾಕಾ ತಂದ ಕಾಗದದಲ್ಲಿ ಹೀಗೊಂದು ಸಾಲಿತ್ತು: ‘ನಾನು ಬೆಳೆ ವಿಮೆ ಯೋಜನೆಯಿಂದ ಹೊರಗುಳಿಯಲು ಇಚ್ಛಿಸುವುದಿಲ್ಲ. ಹೌದು / ಇಲ್ಲ.’

ನಾನು ಓದಿ ಹೇಳಿದೆ. ಕಾಕಾ ತಟ್ಟನೆ ಹೇಳಿದರು: ‘ಇಲ್ಲಪಾ, ನಾ ಯಾಕ ಹೊರಗ ಉಳೀಲಿ? ಹೋದ ಸಲ ತೊಗರಿ ನೆಟೆ ರೋಗಕ್ಕ ಒಣಗಿ ಹೋಗ್ಯದ.’ ಅವರ ಮನಸ್ಸಿನಲ್ಲಿ ಇದ್ದದ್ದು ವಿಮೆ ಬೇಕು ಅಂತ. ಆದರೆ ಬಾಯಿಂದ ಬಂದದ್ದು ‘ಇಲ್ಲ’. ಅದನ್ನೇ ಟಿಕ್ ಹಾಕಿದ್ದರೆ ವಿಮೆ ಬೇಡ ಅಂತ ಆಗುತ್ತಿತ್ತು.

ನಾನು ಮೊದಲು ಪೆನ್ಸಿಲ್ ತಗೊಂಡು ಬೇಡ ಅನ್ನುವ ಮಾತುಗಳಿಗೆ ಗೆರೆ ಎಳೆಯುತ್ತೇನೆ. ‘ಇಲ್ಲ’, ‘ಅಲ್ಲ’, ‘ಬಾರದು’ ಕಣ್ಣಿಗೆ ಬೀಳುತ್ತವೆ. ಹೊರಗುಳಿ, ನಿರಾಕರಿಸು, ರದ್ದು, ವಿನಾಯಿತಿ, ಹೊರತು, ಇವು ಅಡಗಿ ಕೂತಿರುತ್ತವೆ. ಕಾಕಾನ ಸಾಲಿನಲ್ಲಿ ಎರಡು ಗೆರೆ ಬಿದ್ದವು: ‘ಹೊರಗುಳಿಯಲು’ ಮತ್ತು ‘ಇಚ್ಛಿಸುವುದಿಲ್ಲ’. ಎರಡು ಸೇರಿ ಒಂದನ್ನೊಂದು ಹೊಡೆದು ಹಾಕುತ್ತವೆ. ಉಳಿಯುವುದು ‘ವಿಮೆಯಲ್ಲಿ ಇರುತ್ತೇನೆ’ ಅನ್ನುವುದು. ಅದಕ್ಕೆ ಕಾಕಾನ ಉತ್ತರ ‘ಹೌದು’.

ಆದರೆ ಬರೀ ಎಣಿಸಿದರೆ ಸಾಲದು. ‘ನನಗೆ ವಿಮೆ ಬೇಡ, ಖಾತೆಯಿಂದ ಪ್ರೀಮಿಯಂ ಕಡಿತ ಮಾಡಬಾರದು’ ಅನ್ನುವುದರಲ್ಲೂ ಎರಡು ಗೆರೆ ಬೀಳುತ್ತವೆ. ಅಲ್ಲಿ ಒಂದನ್ನೊಂದು ಹೊಡೆಯುವುದಿಲ್ಲ, ಎರಡು ಬೇರೆ ಬೇರೆ ಮಾತು. ಹಾಗಾಗಿ ಗೆರೆ ಎಳೆಯುವುದು ‘ಇಲ್ಲಿ ನಿಲ್ಲು’ ಅಂತ ನನಗೆ ಸಿಗುವ ಸೂಚನೆ ಅಷ್ಟೇ. ನಿಜವಾದ ಪರೀಕ್ಷೆ ಆಮೇಲೆ. ಪ್ರಶ್ನೆ ಪಕ್ಕಕ್ಕಿಟ್ಟು ನೇರವಾಗಿ ಕೇಳುತ್ತೇನೆ: ‘ಕಾಕಾ, ನಿಮಗ ವಿಮಾ ಬೇಕೇನ್ರಿ, ಬ್ಯಾಡೇನ್ರಿ?’ ‘ಬೇಕು’ ಅಂದ ಮೇಲೆ ಎರಡೂ ಟಿಕ್‌ಗಳನ್ನು ಪೂರ್ತಿ ವಾಕ್ಯ ಮಾಡಿ ಓದುತ್ತೇನೆ. ‘ಹೌದು, ಹೊರಗೆ ಉಳಿಯಲು ಇಷ್ಟ ಇಲ್ಲ.’ ‘ಇಲ್ಲ, ಆ ಮಾತು ಸುಳ್ಳು, ಹೊರಗೆ ಉಳಿಯುತ್ತೇನೆ.’ ಯಾವುದು ಅವರ ಮಾತಿಗೆ ಕೂಡುತ್ತದೋ ಅದಕ್ಕೆ ಟಿಕ್.

ಇನ್ನೊಂದು ಪ್ರಶ್ನೆ ಕೇಳದೆ ನಾನು ಬಿಡುವುದಿಲ್ಲ: ಏನೂ ಬರೆಯದೆ ಖಾಲಿ ಬಿಟ್ಟರೆ ಏನಾಗುತ್ತದೆ? ಈ ಬೆಳೆ ವಿಮೆ, ಅಂದರೆ ಫಸಲ್ ಬಿಮಾ, 2020ರ ಮುಂಗಾರಿನಿಂದ ಎಲ್ಲರಿಗೂ ಐಚ್ಛಿಕ. ಆದರೂ ಬೆಳೆ ಸಾಲ ಇರುವ ರೈತ ಸುಮ್ನೆ ಇದ್ದರೆ ಒಳಗೇ ಇದ್ದಾನೆ ಅಂತ ಲೆಕ್ಕ. ಬೇಡ ಅನ್ನುವವರು ನೋಂದಣಿಯ ಕೊನೆಯ ದಿನಕ್ಕೆ ಕನಿಷ್ಠ 7 ದಿನ ಮುಂಚೆ ಬ್ಯಾಂಕಿಗೆ ಬರೆದು ಕೊಡಬೇಕು. ತೊಗರಿಯಂಥ ಮುಂಗಾರು ಬೆಳೆಗೆ ರೈತನ ಪಾಲು ವಿಮಾ ಮೊತ್ತದ 2 ಪರ್ಸೆಂಟ್, ಅಂದರೆ 40,000 ರೂಪಾಯಿಗೆ 800. ಪಾಸ್‌ಬುಕ್ಕಿನಲ್ಲಿ ಆ ಕಡಿತ ಬಿದ್ದಿದೆಯೋ ಇಲ್ಲವೋ ನೋಡಿದರೆ ಟಿಕ್ ಹೇಗೆ ಓದಿಕೊಂಡರು ಅಂತ ಗೊತ್ತಾಗುತ್ತದೆ. ಅದನ್ನು ಕೊನೆಯ ದಿನದ ಒಳಗೇ ನೋಡಬೇಕು. ಸಾಲು ತೀರಾ ಗೊಂದಲ ಇದ್ದರೆ ಟಿಕ್ ಪಕ್ಕದಲ್ಲಿ ‘ನನಗೆ ಬೆಳೆ ವಿಮೆ ಬೇಕು’ ಅಂತ ಕೈಯಿಂದ ಬರೆಸಿ ಸಹಿ ಮಾಡಿಸುತ್ತೇನೆ. ಅದರ ಪ್ರತಿಯ ಮೇಲೆ ಬ್ಯಾಂಕಿನ ಸೀಲು ಹಾಕಿಸಿಕೊಂಡು ಬರಲು ಹೇಳಿ ಕಳಿಸುತ್ತೇನೆ.

ಆನ್‌ಲೈನ್ ಅರ್ಜಿಯಲ್ಲಿ ಹಾಗೆ ಪಕ್ಕದಲ್ಲಿ ಬರೆಯಲು ಜಾಗ ಇರುವುದಿಲ್ಲ. ಪಾಸ್‌ಪೋರ್ಟ್ ಅರ್ಜಿಯ ಪ್ರಶ್ನೆ ನೋಡಿ: `Is applicant eligible for Non-ECR category?` ಇಸಿಆರ್ ಅಂದರೆ ಕೆಲಸಕ್ಕೆ ವಿದೇಶಕ್ಕೆ ಹೋಗುವಾಗ ವಲಸೆ ತಪಾಸಣೆ ಬೇಕು ಅಂತ. ಮುಂದೆ ‘ನಾನ್’ ಸೇರಿದ್ದರಿಂದ ತಪಾಸಣೆ ಬೇಡದವರ ಗುಂಪು. ದುಬೈ, ಸೌದಿಗೆ ಹೊರಟ ಹುಡುಗರಿಗೆ ಇದು ಓದಿ ಹೇಳಿದರೆ ‘ಅದೇನೂ ನನಗ ಬ್ಯಾಡ್ರಿ, ನೋ ಹಾಕ್ರಿ’ ಅನ್ನುತ್ತಾರೆ. ನಾನು ತಕ್ಷಣ ಕೇಳುವುದು, ‘ತಮ್ಮಾ, ಹತ್ತನೇತ್ತ ಪಾಸ್ ಆಗಿ ಇಲ್ಲೋ?’ ಪಾಸ್ ಆಗಿದ್ದರೆ ಉತ್ತರ `Yes`, ಜತೆಗೆ ಅಂಕಪಟ್ಟಿ ಬೇಕು. ಅಲ್ಲಿ `No` ಹೋದರೆ ಪಾಸ್‌ಪೋರ್ಟಿನ ಮೇಲೆ ಇಸಿಆರ್ ಅಂತ ಬರುತ್ತದೆ. ಆಮೇಲೆ ಕೊಲ್ಲಿ ದೇಶಗಳು ಸೇರಿ ಪಟ್ಟಿಯಲ್ಲಿರುವ 18 ದೇಶಗಳಿಗೆ ಕೆಲಸಕ್ಕೆ ಹೋಗಲು ವಲಸೆ ಅನುಮತಿ ಪಡೆಯಬೇಕಾಗುತ್ತದೆ. ಎಸ್ಸೆಸ್ಸೆಲ್ಸಿ ಆಗದವರಲ್ಲೂ ಕೆಲವರಿಗೆ, 50 ದಾಟಿದವರಂಥವರಿಗೆ, `Yes` ಸಲ್ಲುತ್ತದೆ. ಅದಕ್ಕೇ ಮೊದಲು ವಯಸ್ಸು, ಓದು ಕೇಳಿಕೊಂಡು, ಆಮೇಲೆ ಆ ಪ್ರಶ್ನೆಗೆ ಹೋಗುತ್ತೇನೆ.

ಸಬ್ಮಿಟ್ ಒತ್ತುವ ಮುಂಚೆ ತುಂಬಿದ್ದನ್ನು ಇನ್ನೊಮ್ಮೆ ತೆರೆಯುತ್ತೇನೆ. ಪ್ರಶ್ನೆ ಓದುವುದಿಲ್ಲ. ಉತ್ತರವನ್ನು ಮಾತ್ರ ವಾಕ್ಯ ಮಾಡಿ ಹೇಳುತ್ತೇನೆ: ‘ನೀನು ಹತ್ತನೇತ್ತ ಪಾಸ್, ನಿನಗ ತಪಾಸಣೆ ಬೇಕಿಲ್ಲ ಅಂತ ಬರ್ದೀನಿ, ಖರೇ ಅದ ಏನು?’ ಅರ್ಜಿದಾರ ‘ಖರೇ ಅದರಿ’ ಅಂದ ಮೇಲೆಯೇ ಒತ್ತುತ್ತೇನೆ.