ಪೇಪರ್‌ನಿಂದ ಹತ್ತು ನಿಮಿಷದ ಮಾತು: ಗ್ರಾಫ್‌ನಿಂದ ಶುರು ಮಾಡಿ

ಕೋಲಾರದ ನಮ್ಮ ಕಾಲೇಜಿನಲ್ಲಿ ಎಂ.ಎಸ್ಸಿ. ಹುಡುಗಿಯೊಬ್ಬಳು ಕೊಳವೆಬಾವಿ ನೀರಿನ ಫ್ಲೋರೈಡ್ ಬಗ್ಗೆ ಬರೆದ ಪೇಪರ್ ತಂದಿದ್ದಳು. ಪೇಪರ್‌ನ ಕ್ರಮದಲ್ಲೇ 22 ಸ್ಲೈಡ್ ಮಾಡಿದ್ದಳು. ಹೇಳಿಸಿ ನೋಡಿದೆ. ಫಲಿತಾಂಶ ಬರುವ ಹೊತ್ತಿಗೆ ಎಂಟು ನಿಮಿಷ ಮುಗಿದಿತ್ತು.

ಅದಕ್ಕೇ ಮೊದಲು ಮುಖ್ಯ ಗ್ರಾಫ್ ಆರಿಸಿಕೊಳ್ಳಿ. ಅದು ಅರ್ಥವಾಗಲು ಬೇಕಾದಷ್ಟನ್ನೇ ಅದಕ್ಕೆ ಮುಂಚೆ ಇಡಿ. ಅವಳದು ಏಳು ಸ್ಲೈಡಿಗೆ ಇಳಿಯಿತು. ಒಂದು: ಹೆಸರು ಮತ್ತು ಪ್ರಶ್ನೆ, 'ಬಾವಿ ಆಳವಾದಷ್ಟೂ ಫ್ಲೋರೈಡ್ ಜಾಸ್ತಿಯಾ?' ಎರಡು: ಮಾದರಿ ತೆಗೆದ ಊರುಗಳ ನಕ್ಷೆ. ಮೂರು: ಅಳೆದ ವಿಧಾನ, ಒಂದೇ ಚಿತ್ರದಲ್ಲಿ. ಈ ಮೂರಕ್ಕೂ ತಲಾ ಒಂದು ನಿಮಿಷ ಸಾಕು.

ನಾಲ್ಕು, ಐದಕ್ಕೆ ಒಟ್ಟು ಐದು ನಿಮಿಷ ಕೊಡಿ. ಪೇಪರ್‌ನ ಉದ್ದದ ಟೇಬಲ್ ಅಂಟಿಸಿದರೆ ಹಿಂದಿನ ಬೆಂಚಿನವರಿಗೆ ಒಂದು ಅಂಕಿಯೂ ಕಾಣಲ್ಲ. ನಾಲ್ಕರಲ್ಲಿ ಪ್ರತಿ ಬಾವಿಗೊಂದು ಕಂಬ ಹಾಕಿ, ಲೀಟರಿಗೆ 1.5 ಮಿಲಿಗ್ರಾಂ ಹತ್ತಿರ ಕೆಂಪು ಗೆರೆ ಎಳೆದೆವು. ಬೇರೆ ನೀರು ಸಿಗದಾಗ, ಕುಡಿಯುವ ನೀರಿನ ಗುಣಮಟ್ಟ ನಿಗದಿ ಮಾಡುವ ಬಿಐಎಸ್ ಸಂಸ್ಥೆ ಒಪ್ಪುವ ಗರಿಷ್ಠ ಮಿತಿ ಅದು. ಗೆರೆ ದಾಟಿದ ಕಂಬಗಳು ತಕ್ಷಣ ಕಣ್ಣಿಗೆ ಬಿದ್ದವು. ಐದರಲ್ಲಿ ಬಾವಿಯ ಆಳಕ್ಕೆ ಎದುರಾಗಿ ಫ್ಲೋರೈಡ್ ಎಷ್ಟು ಎಂಬ ಗ್ರಾಫ್. ಮೇಲೆ 'ಫಲಿತಾಂಶ' ಅಂತ ಸುಮ್ನೆ ಬರೆಯಬೇಡಿ, ಗ್ರಾಫ್ ಹೇಳುವುದನ್ನೇ ಪೂರ್ತಿ ವಾಕ್ಯದಲ್ಲಿ ಬರೆಯಿರಿ.

ಆರು: ಅಧ್ಯಯನದ ಮಿತಿಗಳು, ಒಂದು ನಿಮಿಷ. ಅವಳು ಬೇಸಿಗೆಯಲ್ಲಿ ಮಾತ್ರ ಮಾದರಿ ತೆಗೆದಿದ್ದಳು. ಅದನ್ನು ತಾನೇ ಹೇಳಬೇಕು, ಇಲ್ಲದಿದ್ದರೆ ಮೊದಲ ಪ್ರಶ್ನೆಯೇ ಅದಾಗುತ್ತದೆ. ಏಳು: ಮೊದಲ ಸ್ಲೈಡಿನ ಪ್ರಶ್ನೆಗೆ ಒಂದೇ ಸಾಲಿನ ಉತ್ತರ, ಅರ್ಧ ನಿಮಿಷ.

ಬಿಟ್ಟ ಟೇಬಲ್‌ಗಳನ್ನು ಅಳಿಸಬೇಡಿ. ಏಳನೆಯದರ ನಂತರ ಇಟ್ಟುಕೊಳ್ಳಿ, ಯಾರಾದರೂ ಕೇಳಿದರೆ ತೋರಿಸಬಹುದು.