ಜೋಡಿಚಿತ್ರ ಬರೆಸುವಾಗ ಕಲಾವಿದರಿಗೆ ಹೀಗೆ ಬರೆಯಿರಿ
ಮದುವೆಯ ಫೋಟೊ ನೋಡಿ ಅಕ್ಕ-ಭಾವನ ಜೋಡಿಚಿತ್ರ ಬರೆಸುವವರು ಆಲ್ಬಮ್ಮನ್ನು ಇಡಿಯಾಗಿ ಕಳಿಸದೆ, ಯಾವ ಫೋಟೊ ಯಾವುದಕ್ಕೆ ಎಂದು ಸಂದೇಶದಲ್ಲೇ ವಿಂಗಡಿಸಿ ಬರೆಯಿರಿ. ಶಿರಸಿಯಿಂದ ನಾನು ಕಳಿಸಿದ್ದು ಹೀಗಿತ್ತು: “ನಮಸ್ಕಾರ ಮೇಡಂ. ನಿಂತ ಭಂಗಿಗೆ ಒಂದನೇ ಫೋಟೊ. ಮುಖಕ್ಕೆ ಎರಡು ಮತ್ತು ಮೂರು, ಜಗಲಿಯ ಬೆಳಕಿನಲ್ಲಿ ತೆಗೆದವು. ಸೀರೆಯ ಅಂಚಿಗೆ ನಾಲ್ಕು. ಅಕ್ಕನ ಗಲ್ಲದ ಮಚ್ಚೆ, ಭಾವನ ಕನ್ನಡಕ ಇರಲೇಬೇಕು. ಹಿಂದಿನ ಚಪ್ಪರ ಬೇಡ. ಬಣ್ಣ ತುಂಬುವ ಮೊದಲು ಪೆನ್ಸಿಲ್ ಕರಡು ತೋರಿಸಿ.” ಇಂಥ ಚಿತ್ರದಲ್ಲಿ ಗೆರೆಗಳೇ ಕಡಿಮೆ, ಹೋಲಿಕೆ ನಿಲ್ಲುವುದು ಹಣೆ, ಹುಬ್ಬು, ದವಡೆಯ ಆಕಾರದ ಮೇಲೆ. ಮದುವೆಯ ಫೋಟೊದಲ್ಲಿ ಬಾಸಿಂಗ ಹಣೆಯನ್ನು ಮುಚ್ಚಿರುತ್ತದೆ, ಫ್ಲ್ಯಾಶ್ ಕೆನ್ನೆಯ ನೆರಳನ್ನು ಅಳಿಸಿರುತ್ತದೆ. ಅದಕ್ಕೇ ಭಂಗಿಗೆ ಒಂದು ಫೋಟೊ, ಮುಖಕ್ಕೆ ಬೇರೆ ಫೋಟೊ. ಭಂಗಿಯ ಫೋಟೊದಲ್ಲಿ ತಲೆ ಒಂದು ಕಡೆಗೆ, ಮುಖದ ಫೋಟೊದಲ್ಲಿ ಇನ್ನೊಂದು ಕಡೆಗೆ ತಿರುಗಿದ್ದರೆ ಮಾತ್ರ ಈ ಉಪಾಯ ಕೈಕೊಡುತ್ತದೆ. ಹತ್ತಿರದ ಸೆಲ್ಫಿಯಂತೂ ಬೇಡವೇ ಬೇಡ, ಮೂಗು ಇದ್ದದ್ದಕ್ಕಿಂತ ದೊಡ್ಡದಾಗಿ ಬರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿಯೇ ಕಳಿಸಿ. ಸಾಮಾನ್ಯ ಫೋಟೊವಾಗಿ ಕಳಿಸಿದರೆ ದೊಡ್ಡದು ಮಾಡಿ ನೋಡುವಾಗ ಜರಿಯ ಬುಟ್ಟಾ ಕಲಸಿಹೋಗಿರುತ್ತದೆ.